ಉದ್ದ ಸರಿ, ಪಕ್ಕ ಬಿಗಿ: ‘ಡಿ ಅಂದ್ರೆ ಅಗಲ’ ಅಂತ ನಂಬಿ ಮೋಸ ಹೋದೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ. ನನ್ನ ಹಾಗೆ ಅಗಲ ಪಾದದವರು ಬಹಳ ಜನ ಇರುತ್ತಾರೆ, ಅವರೂ ಇದೇ ಗುಂಡಿಗೆ ಬೀಳುವುದು ಬೇಡ.

ನನ್ನದು ಹಳೇ ಗೋಳು. ಶೂ ಹಾಕಿಕೊಂಡರೆ ಮುಂದೆ ಹೆಬ್ಬೆರಳಿಗೆ ಬೇಕಾದಷ್ಟು ಜಾಗ ಇರುತ್ತದೆ, ಹಿಮ್ಮಡಿ ಕೂಡ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಮಾತ್ರ ಇಕ್ಕಳ ಹಾಕಿ ಹಿಡಿದ ಹಾಗೆ. ಕಿರುಬೆರಳಿನ ಬುಡದಲ್ಲಿ ಗಂಟಿನ ಹಾಗೆ ಒಂದು ಮೂಳೆ ಇದೆಯಲ್ಲ, ಅಲ್ಲಿಗೇ ಒತ್ತುತ್ತದೆ. ಇಷ್ಟು ವರ್ಷ ಏನು ಮಾಡುತ್ತಿದ್ದೆ ಅಂದರೆ, ಸುಮ್ನೆ ಒಂದು ಸೈಜ್ ದೊಡ್ಡದು ತಗೊಂಡು ಒಳಗೆ ಹತ್ತಿ ತುರುಕುತ್ತಿದ್ದೆ. ನಗಬೇಡಿ.

ಈ ಸಲ ಬುದ್ಧಿವಂತನಾಗೋಣ ಅಂತ ಹೊರಟೆ. ಶೂಗೆ ಉದ್ದದ ನಂಬರಿನ ಜೊತೆ ಅಗಲಕ್ಕೂ ಒಂದು ಅಕ್ಷರ ಇರುತ್ತದೆ ಅಂತ ಗೊತ್ತಾಗಿತ್ತು. ಆನ್‌ಲೈನಲ್ಲಿ ಒಂದು ಕಡೆ ಓಡುವ ಶೂ ನೋಡಿದೆ. ಕೆಳಗೆ ಚಾರ್ಟು ಇತ್ತು: ಬಿ ಅಂದರೆ ಸಾಮಾನ್ಯ, ಡಿ ಅಂದರೆ ಅಗಲ, 2ಇ ಅಂದರೆ ತುಂಬಾ ಅಗಲ. ನನಗೆ ಬೇಕಾಗಿದ್ದು ಅಗಲ. ಆದರೂ ಒಂದು ಮಾತು ಕೇಳಿಬಿಡೋಣ ಅಂತ ಮೆಸೇಜ್ ಹಾಕಿದೆ. ‘ಪಕ್ಕದಲ್ಲಿ ಒತ್ತುತ್ತದೆ, ಅಗಲದ್ದೇ ಬೇಕು, ಡಿ ತಗೊಳ್ಳಲಾ?’ ಅಂತ. ತಕ್ಷಣ ಉತ್ತರ ಬಂತು: ‘ಹೌದು ಸರ್, ಡಿ ಅಂದ್ರೆ ಅಗಲ. ಕಣ್ಣು ಮುಚ್ಚಿ ತಗೊಳ್ಳಿ.’

ಕಣ್ಣು ಮುಚ್ಚಿಯೇ ತಗೊಂಡೆ.

ಬಂತು. 9ನೇ ಸೈಜು. ಡಬ್ಬದ ಮೇಲೆ `D (M)` ಅಂತಿತ್ತು. ಎಂ ಅಂದರೆ ‘ಮೆನ್’, ಗಂಡಸರದ್ದು ಅಂತ ನಾನೇ ಅರ್ಥ ಮಾಡಿಕೊಂಡೆ. ಈ ಎಂ ಅಕ್ಷರ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಹಾಕಿ ಮನೆಯೊಳಗೇ ಹತ್ತು ನಿಮಿಷ ಓಡಾಡಿದೆ. ಉದ್ದ ಹೇಳಿ ಮಾಡಿಸಿದ ಹಾಗಿತ್ತು. ಪಕ್ಕ ಮಾತ್ರ ಅದೇ ಕಥೆ, ಕಿರುಬೆರಳು ಜೋಮು ಹಿಡಿಯಿತು. ಲೇಸಿನ ತೂತುಗಳ ಎರಡು ಸಾಲು ನೇರವಾಗಿ ನಿಲ್ಲಬೇಕಲ್ವಾ, ಇಲ್ಲಿ ಬೆರಳಿನ ಕಡೆ ಬಾಯಿ ತೆರೆದ ಹಾಗೆ ದೂರ ದೂರ ಹೋಗಿದ್ದವು. ಒಳಗೆ ಪಾದ ಜಾಸ್ತಿಯಾಗಿ ಶೂ ಬಿರಿಯುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಕಾ? ಆಗಲೇ ವಾಪಸ್ ಕಳಿಸಬೇಕಿತ್ತು. ಆಗಲೇ!

ಅದರ ಬದಲು ಮತ್ತೆ ಮೆಸೇಜ್ ಹಾಕಿದೆ. ಉತ್ತರ: ‘ಹೊಸ ಶೂ ಸರ್. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ.’

ಚರ್ಮದ ಶೂ ಆಗಿದ್ದರೆ ಈ ಮಾತಿಗೆ ಸ್ವಲ್ಪವಾದರೂ ಅರ್ಥ ಇತ್ತು. ಚರ್ಮ ಬಳಸುತ್ತಾ ಬಳಸುತ್ತಾ ಒಂಚೂರು ಬಿಟ್ಟುಕೊಡುತ್ತದೆ. ನನ್ನದು ಬಲೆಯಂಥ ಬಟ್ಟೆ, ಅದರ ಮೇಲೆ ಸರಿಯಾಗಿ ಕಿರುಬೆರಳಿನ ಪಕ್ಕದಲ್ಲೇ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದರು. ಅದು ಯಾವ ಕಾಲಕ್ಕೂ ಹಿಗ್ಗುವುದಿಲ್ಲ. ಮೇಲಿನ ಬಟ್ಟೆ ಹಿಗ್ಗಿದರೂ ಕೆಳಗಿನ ಸೋಲ್ ಎಲ್ಲಿಂದ ಅಗಲ ಆಗಬೇಕು? ಅದನ್ನೇ ಕೇಳಿದೆ. ಆಗ ಎರಡನೇ ಸಲಹೆ ಬಂತು: ‘ಹಾಗಾದ್ರೆ ಅರ್ಧ ಸೈಜ್ ದೊಡ್ಡದು ಕಳಿಸ್ತೀವಿ ಸರ್, ಅಗಲಾನೂ ಸಿಗುತ್ತೆ.’

ಒಪ್ಪಿಕೊಂಡೆ. ಹತ್ತಿ ತುರುಕುತ್ತಿದ್ದ ಮನುಷ್ಯ ಮತ್ತೆ ಅದೇ ದಾರಿಗೆ ಬಂದೆ ನೋಡಿ.

ಒಂಬತ್ತೂವರೆ ಬಂತು. ಇದಾದರೂ ಸರಿಹೋಗಲಿ ಅಂತ ಮನೆಯಲ್ಲಿ ನೋಡದೆ ನೇರ ರಸ್ತೆಗೇ ಹಾಕಿಕೊಂಡು ಹೋದೆ. ಒಂದು ಗಂಟೆ ನಡೆದೆ. ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ಎದ್ದು ಎದ್ದು ಬಂದು ಅಲ್ಲಿ ಗುಳ್ಳೆ. ಕಿರುಬೆರಳಿನ ಪಕ್ಕ ಮೊದಲಿನ ಹಾಗೇ ಕೆಂಪಗೆ. ಅಂದರೆ ಹಳೇ ನೋವು ಹೋಗಲಿಲ್ಲ, ಜೊತೆಗೆ ಹೊಸದೊಂದು ಸೇರಿಕೊಂಡಿತು. ಶೂ ಮಡಚುವ ಜಾಗವೂ ಬೆರಳಿನ ಬುಡಕ್ಕಿಂತ ಮುಂದಕ್ಕೆ ಹೋಗಿತ್ತು. ಶೂನಲ್ಲಿ ಅತಿ ಅಗಲವಾದ ಜಾಗ ಎಲ್ಲಿದೆಯೋ ಅಲ್ಲಿ ನನ್ನ ಪಾದದ ಅಗಲ ಇರಲೇ ಇಲ್ಲ, ಹಿಂದೆಯೇ ಉಳಿದಿತ್ತು.

ಇದರ ಲೆಕ್ಕ ಆಮೇಲೆ ಗೊತ್ತಾಯಿತು. ಹೇಳುತ್ತೇನೆ, ಯಾಕೆಂದರೆ ಇದೊಂದು ಮೊದಲೇ ಗೊತ್ತಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಅರ್ಧ ಸೈಜ್ ಅಂದರೆ ಉದ್ದದಲ್ಲಿ ಸುಮಾರು 4 ಮಿಲಿಮೀಟರ್. ಅಡ್ಡಗಲದಲ್ಲಿ ಸಿಗುವುದು ಹೆಚ್ಚುಕಮ್ಮಿ 1 ಮಿಲಿಮೀಟರ್, ಅಷ್ಟೇ. ಪಾದದ ಸುತ್ತಳತೆ ಲೆಕ್ಕದಲ್ಲಿ ನೋಡಿದರೆ ಹಳೇ ಕಾಲದಿಂದ ಬಂದ ಪದ್ಧತಿ ಹೀಗಿದೆ: ಒಂದು ಪೂರ್ತಿ ಸೈಜ್ ಮೇಲೆ ಹೋದರೆ ಸುತ್ತಳತೆ ಕಾಲು ಇಂಚು, ಅಂದರೆ 6 ಮಿಲಿಮೀಟರ್ ಚಿಲ್ಲರೆ ಜಾಸ್ತಿ. ಉದ್ದ ಹಾಗೇ ಇಟ್ಟು ಅಗಲದ ಅಕ್ಷರ ಒಂದು ಮೇಲೆ ಹೋದರೂ ಅಷ್ಟೇ ಜಾಸ್ತಿ. ಡಿಯಿಂದ 2ಇಗೆ ಎರಡು ಮೆಟ್ಟಿಲು. ಆ ಜಾಗವನ್ನು ಉದ್ದ ಏರಿಸಿಯೇ ಪಡೆಯುತ್ತೇನೆ ಅಂದರೆ ಎರಡು ಪೂರ್ತಿ ಸೈಜ್ ದೊಡ್ಡದು ತಗೋಬೇಕು. ಬೆರಳಿನ ಮುಂದೆ 17 ಮಿಲಿಮೀಟರ್ ಖಾಲಿ ಜಾಗ! ಅದು ಶೂ ಅಲ್ಲ, ದೋಣಿ. ಕಂಪನಿಯಿಂದ ಕಂಪನಿಗೆ ಈ ಅಂಕಿ ಸ್ವಲ್ಪ ಹಿಂದೆ ಮುಂದೆ ಆಗಬಹುದು, ಆದರೆ ‘ಅರ್ಧ ಸೈಜ್ ದೊಡ್ಡದು, ಅಗಲಾನೂ ಸಿಗುತ್ತೆ’ ಅನ್ನುವುದು ಎಲ್ಲಿ ನಿಂತು ನೋಡಿದರೂ ಸುಳ್ಳೇ.

ಸರಿ, ವಾಪಸ್ ತಗೊಳ್ಳಿ ಅಂತ ಫೋಟೋ ಕಳಿಸಿದೆ. ‘ಸೋಲ್ ಕೊಳೆ ಆಗಿದೆ ಸರ್, ಹೊರಗೆ ಹಾಕಿದ ಶೂ ವಾಪಸ್ ತಗೊಳ್ಳಲ್ಲ.’ ಈ ನಿಯಮ ನನಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ನಿಯಮ. ಅಲ್ಲಿ ತಪ್ಪು ನನ್ನದೇ, ಒಪ್ಪುತ್ತೇನೆ.

ಆದರೆ ಮೋಸ ಹೋದದ್ದು ನಿಜವಾಗಿ ಎಲ್ಲಿ ಅನ್ನುವುದು ಗೊತ್ತಾಗಿದ್ದು ಆ ಸಂಜೆ. ತಂಗಿ ಬಂದಿದ್ದಳು. ಅವಳದ್ದು ನನಗೆ ಪೂರ್ತಿ ಉಲ್ಟಾ, ಸಪೂರ ಪಾದ. ಅವಳು ಶೂ ಹಾಕಿದರೆ ಲೇಸು ಎಷ್ಟು ಎಳೆದರೂ ತೂತಿನ ಎರಡೂ ಸಾಲು ಒಂದಕ್ಕೊಂದು ತಾಗಿಬಿಡುತ್ತವೆ, ಹಿಮ್ಮಡಿ ಮಾತ್ರ ಜಾರುತ್ತಲೇ ಇರುತ್ತದೆ. ಹಾಗಾಗಿ ಈ ಅಕ್ಷರಗಳ ಪುರಾಣ ಅವಳಿಗೆ ಬಾಯಿಪಾಠ. ಫೋನ್ ಕೈಗೆ ಕೊಟ್ಟೆ. ಚಾರ್ಟು ನೋಡಿದಳು, ಡಬ್ಬ ನೋಡಿದಳು, ನಗೋಕೆ ಶುರು ಮಾಡಿದಳು.

‘ಅಣ್ಣಾ, ಇದು ಹೆಂಗಸರ ಚಾರ್ಟು ಕಣೋ.’

ಹೌದು. ಅಮೆರಿಕದ ಅಳತೆಯಲ್ಲಿ ಹೆಂಗಸರ ಶೂಗೆ ಬಿ ಸಾಮಾನ್ಯ, ಡಿ ಅಗಲ. ಅವಳು ಹುಡುಕುವ ಸಪೂರದ್ದು 2ಎ. ಗಂಡಸರ ಶೂಗೆ ಬಿ ಸಪೂರ, ಡಿ ಸಾಮಾನ್ಯ, 2ಇ ಅಗಲ, 4ಇ ತುಂಬಾ ಅಗಲ. ಅಕ್ಷರ ಒಂದೇ, ಅರ್ಥ ಬೇರೆ. ಇಷ್ಟು ವರ್ಷ ನನ್ನನ್ನು ಒತ್ತಿದ್ದ ಶೂಗಳೆಲ್ಲ ಬಹುಶಃ ಡಿಯೇ. ‘ಅಗಲ’ ಅಂತ ನಂಬಿ ತರಿಸಿಕೊಂಡಿದ್ದೂ ಅದೇ ಡಿ.

‘ಮತ್ತೆ ಎಂ ಅಂತ ಇದೆಯಲ್ಲೇ, ಗಂಡಸರದ್ದು ಅಂತ ತಾನೇ?’ ಅಂದೆ.

‘ಎಂ ಅಂದ್ರೆ ಮೀಡಿಯಂ ಅಣ್ಣಾ.’

ಮೀಡಿಯಂ! ಡಬ್ಬದ ಮೇಲೆ ‘ಇದು ಸಾಮಾನ್ಯ ಅಗಲದ್ದು’ ಅಂತ ಅಚ್ಚು ಹಾಕಿಸಿಕೊಂಡೇ ಬಂದಿತ್ತು. ಎರಡು ಸಲ ಬಂತು, ಎರಡು ಡಬ್ಬದ ಮೇಲೂ ಇತ್ತು. ನಾನು ಎರಡು ಸಲವೂ ಓದಿದ್ದೆ. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತೋ, ಅವಳು ನಗು ನಿಲ್ಲಿಸಿ ‘ಹೋಗ್ಲಿ ಬಿಡು’ ಅಂದಳು.

ಬಿಡಲಿಲ್ಲ. ಸ್ಕ್ರೀನ್‌ಶಾಟ್ ಸಮೇತ ಕಳಿಸಿದೆ: ಗಂಡಸರ ಶೂ ಕೆಳಗೆ ಹೆಂಗಸರ ಚಾರ್ಟು ಹಾಕಿದ್ದೀರಿ, ಕೇಳಿದರೂ ಡಿ ಅಗಲ ಅಂತಲೇ ಹೇಳಿದಿರಿ ಅಂತ. ಉತ್ತರ: ‘ಚಾರ್ಟ್ ಸಾಮಾನ್ಯ ಮಾಹಿತಿಗೆ ಮಾತ್ರ ಸರ್.’ ಮಾಹಿತಿ ತಪ್ಪು ಅಂತ ತಾನೇ ಹೇಳ್ತಾ ಇರೋದು? ‘ಬೇರೆ ಗ್ರಾಹಕರಿಗೆ ಸರಿ ಆಗಿದೆ ಸರ್.’ ಆಗಿರುತ್ತದೆ, ಅವರದ್ದು ಸಾಮಾನ್ಯ ಪಾದ! ಕೊನೆಗೆ ಬಂದಿದ್ದು ಇದು: ‘ನಿಮ್ಮ ಪಾದ ಸ್ವಲ್ಪ ಜಾಸ್ತಿನೇ ಅಗಲ ಇರಬೇಕು ಸರ್.’ ಅದನ್ನೇ ಅಲ್ವಾ ನಾನು ಮೊದಲನೇ ಮೆಸೇಜಿನಲ್ಲೇ ಬರೆದಿದ್ದು?

ಆ ರಾತ್ರಿ ತಂಗಿ ಇನ್ನೊಂದು ಕೆಲಸ ಮಾಡಿಸಿದಳು. ಶೂ ಒಳಗಿನ ಅಟ್ಟೆ ಎಳೆದು ತೆಗೆದು ನೆಲಕ್ಕಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲು ಅಂದಳು. ನಿಂತೆ. ಕಿರುಬೆರಳಿನ ಕಡೆ ಪಾದ ಅಟ್ಟೆಯಿಂದ ಹೊರಗೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಚೆಲ್ಲಿತ್ತು. ಒಂದೆರಡು ಮಿಲಿಮೀಟರ್ ಹೊರಗೆ ಬಂದರೆ ಪರವಾಗಿಲ್ಲ, ಶೂ ಪಕ್ಕ ಅಷ್ಟು ಉಬ್ಬಿರುತ್ತದೆ. ಆಮೇಲೆ ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದೆವು. ಹೆಬ್ಬೆರಳಿನ ಬುಡದ ಗಂಟಿನಿಂದ ಕಿರುಬೆರಳಿನ ಬುಡದ ಗಂಟಿಗೆ 10.8 ಸೆಂಟಿಮೀಟರ್. ಅಟ್ಟೆಯ ಅತಿ ಅಗಲದ ಜಾಗ 9.8. ಕೂತು ಅಳೆದಾಗ ಪಾದವೂ ಕಡಿಮೆ ತೋರಿಸಿತ್ತು, ಅದಕ್ಕೇ ನಿಂತೇ ಅಳೆಯಿರಿ. ಸಂಜೆ ಹೊತ್ತು ಅಳೆಯಿರಿ, ಅಷ್ಟೊತ್ತಿಗೆ ಪಾದ ಒಂಚೂರು ಊದಿರುತ್ತದೆ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನೇ ಲೆಕ್ಕಕ್ಕೆ ತಗೊಳ್ಳಿ.

ಆಮೇಲೆ ಬೇರೆ ಕಡೆ ಅದೇ 9ನೇ ಸೈಜಿನಲ್ಲಿ 2ಇ ತರಿಸಿದೆ. ಹುಡುಕುವಾಗ `2E` ಅಂತಲೂ ಹಾಕಿ, `EE` ಅಂತಲೂ ಹಾಕಿ, ಎರಡೂ ಒಂದೇ. ಉದ್ದ ಬದಲಾಗಿಲ್ಲ, ಹಿಮ್ಮಡಿ ಅಲ್ಲಾಡಲ್ಲ, ಕಿರುಬೆರಳು ಶೂ ಒಳಗೆ ಆಡಿಸಬಹುದು. ಇಷ್ಟೇ ಬೇಕಾಗಿದ್ದಿದ್ದು. ಮೊದಲ ದಿನ ಕಾರ್ಪೆಟ್ ಮೇಲೆ ಮಾತ್ರ ನಡೆದೆ, ಒಂದು ಪಾಠವಂತೂ ಕಲಿತಿದ್ದೆನಲ್ಲ.

ನಿಮಗೆ ಹೇಳುವುದು ಇಷ್ಟೇ: ಬರೀ ಅಕ್ಷರ ನೋಡಿ ನಂಬಬೇಡಿ. ಯಾರ ಅಳತೆ, ಯಾವ ದೇಶದ ಅಳತೆ ಅಂತ ಕೇಳಿ. ಬ್ರಿಟನ್ನಿನ ಶೂಗಳಲ್ಲಿ ಗಂಡಸರಿಗೆ ಎಫ್ ಅಥವಾ ಜಿ ಸಾಮಾನ್ಯ ಆಗಿರುತ್ತದೆ, ಅದೂ ಕಂಪನಿ ಮೇಲೆ ಹೋಗುತ್ತದೆ. ಅಲ್ಲಿ ಜಿ ನೋಡಿ ‘ಅಬ್ಬಾ, ಎಷ್ಟು ಅಗಲ’ ಅಂತ ಹಾರಿ ಬೀಳಬೇಡಿ. ಮಾರುವವರನ್ನು ಅಕ್ಷರ ಕೇಳಲೇಬೇಡಿ, ಒಳಗಿನ ಅಟ್ಟೆಯ ಅತಿ ಅಗಲದ ಜಾಗ ಎಷ್ಟು ಸೆಂಟಿಮೀಟರ್ ಅಂತ ಕೇಳಿ. ಅಳೆದು ಹೇಳದಿದ್ದರೆ ಅಲ್ಲಿ ತಗೋಬೇಡಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅಂದರೆ ಫೋನ್ ಇಡಿ.

ಆ ಒಂಬತ್ತೂವರೆ ಶೂ ಬಾಗಿಲ ಹತ್ತಿರವೇ ಬಿದ್ದಿದೆ. ನಿನ್ನೆ ಆ ಪುಟ ಮತ್ತೆ ತೆಗೆದು ನೋಡಿದೆ. ಗಂಡಸರ ಶೂ, ಕೆಳಗೆ ಅದೇ ಚಾರ್ಟು, ಡಿ ಮುಂದೆ ಇನ್ನೂ ‘ಅಗಲ’ ಅಂತಲೇ ಇದೆ.