176ನೇ ಪುಟ ಆದ ಮೇಲೆ ಮತ್ತೆ 161! ಆನ್‌ಲೈನ್‌ನಲ್ಲಿ ಪುಸ್ತಕ ತರಿಸುವವರು ನೋಡಿ

ಆನ್‌ಲೈನ್‌ನಲ್ಲಿ ಪುಸ್ತಕ ತರಿಸಿದರೆ ಬಂದ ದಿನವೇ ಪುಟದ ನಂಬರ್ ಪೂರ್ತಿ ನೋಡಿ. ಬರೀ ಕವರ್ ನೋಡಿ ಇಟ್ಟುಬಿಡಬೇಡಿ. ನಾನು ಹಾಗೇ ಇಟ್ಟೆ. 780 ರೂಪಾಯಿ ಕೊಟ್ಟಿದ್ದೆ, ಹೊಟ್ಟೆ ಉರಿಯೋದು ಅದಕ್ಕಲ್ಲ, ಮಗನ ಓದು ನಡುವೆ ನಿಂತಿತಲ್ಲ, ಅದಕ್ಕೆ.

ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ನಾವು ಹುಬ್ಬಳ್ಳಿಯಲ್ಲಿ. ಪುಸ್ತಕ ಮನೆಗೆ ಬಂತು, ಬೈಂಡಿಂಗ್ ಗಟ್ಟಿ, ಪ್ಲಾಸ್ಟಿಕ್ ಸಹ ಹರಿದಿರಲಿಲ್ಲ. ಭಾನುವಾರ ಬಂದು ತೆಗೆದುಕೊಂಡು ಹೋದ. ಹನ್ನೆರಡನೇ ದಿನ ರಾತ್ರಿ ಫೋನ್ ಮಾಡಿ, "ಅವ್ವಾ, 176 ಆದ ಮ್ಯಾಲೆ ಮತ್ತ 161 ಬಂದೈತಿ" ಅಂದ. ಓದಿದ್ದೇ ಮತ್ತೆ ಓದುತ್ತಿದ್ದೀನಿ ಅಂತ ಅವನಿಗೆ ಎರಡು ಪುಟ ಆದ ಮೇಲೆ ಗೊತ್ತಾಯಿತಂತೆ. 161ರಿಂದ 176 ಎರಡು ಸಲ ಇದೆ, ಆಮೇಲೆ ನೇರ 193. ನಡುವಿನ ಹದಿನಾರು ಪುಟ ಇಲ್ಲವೇ ಇಲ್ಲ. ಅವನಿಗೆ ಬೇಕಾದ ಪಾಠ ಅಲ್ಲೇ ಇತ್ತು.

ಫೋಟೋ ತೆಗೆಸಿ ಮಾರಾಟಗಾರನಿಗೆ ಕಳಿಸಿದೆ. ಬಂದ ಉತ್ತರ ನೋಡಿ: "ಏಳು ದಿನದ ಅವಧಿ ಮುಗಿದಿದೆ." ಮತ್ತೆ ಬರೆದೆ. "ಪಾರ್ಸೆಲ್ ಬಿಚ್ಚುವ ವಿಡಿಯೋ ಕಳಿಸಿ" ಅಂದರು. ವಿಡಿಯೋ ಎಲ್ಲಿಂದ ತರೋದು? ಮೂರನೇ ಸಲ ಬರೆದಾಗ, "ಪುಟಗಳು ಬಳಕೆಯಲ್ಲಿ ಕಿತ್ತುಬಂದಿರಬಹುದು" ಅಂದುಬಿಟ್ಟರು. ಅಂದರೆ ನಾವೇ ಕಿತ್ತುಕೊಂಡು ಸುಳ್ಳು ಹೇಳುತ್ತಿದ್ದೇವೆ! ಓದಿ ಮುಖ ಕಾದುಹೋಯಿತು. ನಾಲ್ಕು ಜನರ ಮುಂದೆ ಕಳ್ಳಿ ಅಂದಂತಾಯಿತು.

ಅದನ್ನೇ ಎತ್ತಿಕೊಂಡು ಧಾರವಾಡದಲ್ಲಿ ಬೈಂಡಿಂಗ್ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಪುಸ್ತಕ ಅಡ್ಡ ಹಿಡಿದು, ಬೆನ್ನಿನ ಕಡೆ ಹೆಬ್ಬೆರಳು ಆಡಿಸಿ, "ಇದು ಹರಿದಿದ್ದಲ್ರಿ ಅಕ್ಕಾರ, ಫಾರಂ ತಪ್ಪಿ ಜೋಡಿಸ್ಯಾರ" ಅಂದರು. ದೊಡ್ಡ ಹಾಳೆಯ ಎರಡೂ ಕಡೆ ಮುದ್ರಿಸಿ, ಮಡಚಿದರೆ ಹದಿನಾರು ಪುಟ ಆಗುತ್ತದೆ. ಅದೇ ಒಂದು ಫಾರಂ. ಫಾರಂಗಳನ್ನು ಸಾಲಾಗಿ ಇಟ್ಟು ಒಂದರ ಮೇಲೊಂದು ಎತ್ತಿ ಜೋಡಿಸಿ, ಆಮೇಲೆ ಹೊಲಿಯುತ್ತಾರೆ ಇಲ್ಲ ಗೋಂದು ಹಾಕುತ್ತಾರೆ. 161ರಿಂದ 176 ಅಂದರೆ ಹನ್ನೊಂದನೇ ಫಾರಂ. ಹನ್ನೆರಡನೆಯದು ಇರಬೇಕಾದ ಜಾಗಕ್ಕೆ ಅದೇ ಇನ್ನೊಂದು ಸಲ ಬಂದಿದೆ. ಓದುವವರು ಪುಟ ಕಿತ್ತರೆ ಬುಡದಲ್ಲಿ ಹರಿದ ಅಂಚು, ಇಲ್ಲ ಸಡಿಲ ಆದ ದಾರ ಕಾಣುತ್ತದೆ. ಇಲ್ಲಿ ಹೊಲಿಗೆ ಬಿಗಿಯಾಗಿಯೇ ಇತ್ತು. ಎರಡನೇ ಸಲ ಬಂದ 161ನ್ನು ನಾವು ಮನೆಯಲ್ಲಿ ಹೊಲಿದು ಸೇರಿಸೋಕೆ ಆಗುತ್ತದಾ?

ಇದನ್ನೇ ಬರೆದು, ಎರಡೂ 161ನೇ ಪುಟ, ಬೆನ್ನಿನ ಹೊಲಿಗೆ, 176ರ ಎದುರಿನ 193 ಎಲ್ಲದರ ಫೋಟೋ ಹಾಕಿದೆ. ಆಗ ಬದಲಿ ಕಳಿಸಿದರು. ಒಂಬತ್ತು ದಿನ ಕಾದೆವು. ಬಂತು. ಈ ಸಲ ವಿಡಿಯೋ ಇಟ್ಟುಕೊಂಡೇ ಬಿಚ್ಚಿದೆ. ಅದರಲ್ಲೂ 176 ಆದ ಮೇಲೆ 161! ಕೈಕಾಲು ತಣ್ಣಗಾದವು. ಸಾಲಿನಲ್ಲಿ ಒಂದು ಗುಡ್ಡೆ ತಪ್ಪಿ ಇಟ್ಟರೆ ಆ ದಿನ ಜೋಡಿಸಿದ ಪ್ರತಿಗಳೆಲ್ಲ ಹೀಗೇ ಆಗಬಹುದು ಅಂತ ಆ ಹಿರಿಯರು ಮೊದಲೇ ಹೇಳಿದ್ದರು. ಅದಕ್ಕೇ ಹೇಳುತ್ತೀನಿ, ಇಂಥ ತಪ್ಪಿಗೆ ಅದೇ ಗೋದಾಮಿನಿಂದ ಬದಲಿ ಕೇಳಬೇಡಿ. ದುಡ್ಡು ವಾಪಸ್ ಕೇಳಿ.

ದುಡ್ಡು ಕೇಳಿದ್ದಕ್ಕೆ "ಪುಸ್ತಕಕ್ಕೆ ಬದಲಿ ಮಾತ್ರ, ಹಣ ಇಲ್ಲ, ಇದು ನಮ್ಮ ಪಾಲಿಸಿ" ಅಂದರು. ಪಾಲಿಸಿ ಅವರದು, ಕಾನೂನು ಬೇರೆ ಇದೆ. 2020ರ ಗ್ರಾಹಕರ ರಕ್ಷಣೆ (ಇ-ಕಾಮರ್ಸ್) ನಿಯಮದಲ್ಲಿ ಸ್ಪಷ್ಟವಾಗಿದೆ: ವಸ್ತುವಿನಲ್ಲಿ ದೋಷ ಇದ್ದರೆ, ಇಲ್ಲ ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ, ಮಾರಾಟಗಾರ ಅದನ್ನು ವಾಪಸ್ ತೆಗೆದುಕೊಳ್ಳೋಕೆ, ಹಣ ಕೊಡೋಕೆ ಆಗಲ್ಲ ಅನ್ನುವ ಹಾಗಿಲ್ಲ. ಅಲ್ಲಿ ಏಳು ದಿನ ಅನ್ನುವ ಮಾತೇ ಇಲ್ಲ. ಹೊಸ ಆವೃತ್ತಿ ತೋರಿಸಿ ಹಳೆಯದು ಕಳಿಸಿದರೂ ಇದೇ ನಿಯಮ. ಆರ್ಡರ್ ಮಾಡಿದಾಗಿನ ಪುಟದ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡಿರಿ.

ಮಾರಾಟಗಾರನನ್ನು ಬಿಟ್ಟು ಆ ತಾಣದ ಕುಂದುಕೊರತೆ ಅಧಿಕಾರಿಗೇ ಮೇಲ್ ಹಾಕಿದೆ. 48 ಗಂಟೆಯಲ್ಲಿ ದೂರು ಬಂತು ಅಂತ ಅವರು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜೊತೆಗೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲೂ ದೂರು ಬರೆಸಿದೆ. ಮಾರಾಟಗಾರ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಹೋಗಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ ಅಂತ ಮೇಲ್‌ನಲ್ಲಿ ಸೇರಿಸಿದೆ. ಆರನೇ ದಿನ 780 ಬಂತು. ಪುಟ ನೀವೇ ಕಿತ್ತಿರಬಹುದು ಅಂದ ಮಾತಿಗೆ ಒಂದು ಕ್ಷಮೆ ಕೇಳಿದ್ದೆ, ಅದು ಇವತ್ತಿಗೂ ಬಂದಿಲ್ಲ.

ಪುಸ್ತಕ ಆಮೇಲೆ ಸುಭಾಸ ರಸ್ತೆಯ ಅಂಗಡಿಯಲ್ಲಿ ತೆಗೆದುಕೊಂಡೆ. ದುಡ್ಡು ಕೊಡೋಕೆ ಮೊದಲು 160ರಿಂದ 193ರ ತನಕ ಒಂದೊಂದೇ ಪುಟ ತಿರುಗಿಸಿದೆ. ಅಂಗಡಿಯವರು ಸುಮ್ನೆ ನಿಂತು ಕಾದರು.