ಎಸ್‌ಎಸ್‌ಬಿಗೆ ಹೊರಟವರೇ, ರೆಡಿಮೇಡ್ ಉತ್ತರಕ್ಕೆ ದುಡ್ಡು ಕೊಡಬೇಡಿ

ಕಲಬುರಗಿ, ಬೀದರ, ಯಾದಗಿರಿ ಕಡೆ ಸೇನೆಯ ಅಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆ ಪಾಸಾದವರು ಮೊದಲು ಕೇಳುವುದು ಒಂದೇ: ಅದರ ಮುಂದಿನ ಆಯ್ಕೆ ಹಂತವಾದ ಎಸ್‌ಎಸ್‌ಬಿಗೆ ಯಾವ ಕೋಚಿಂಗ್ ಸೇರಲಿ? ನಾನೂ ಹೀಗೇ ಕೇಳಿಕೊಂಡು ಒಂದು ಕಡೆ ಸೇರಿದ್ದೆ. ಆ ಜಾಗದ ಹೆಸರು ಹೇಳುವುದಿಲ್ಲ. ಅಲ್ಲಿ ಏನು ಕಲಿಸಿದರು, ಅದರಿಂದ ಬೆಂಗಳೂರಿನ ಎಸ್‌ಎಸ್‌ಬಿಯಲ್ಲಿ ನನಗೆ ಏನಾಯ್ತು, ಅಷ್ಟನ್ನು ಹೇಳುತ್ತೇನೆ.

ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಮೂರು ವಾರದ ಕೋಚಿಂಗಿಗೆ 18 ಸಾವಿರ ಫೀಸು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿ ಬಂದ ದುಡ್ಡಿನಲ್ಲಿ ಅಪ್ಪ ಎಣಿಸಿ ಕೊಟ್ಟಿದ್ದ. ಮೊದಲ ದಿನವೇ ಕೈಗೆ ಒಂದು ಜೆರಾಕ್ಸ್ ಕಟ್ಟು ಬಂತು. ಅದರಲ್ಲಿ ನನ್ನ ಬಗ್ಗೆ ಅಪ್ಪ ಅವ್ವ ಏನಂತಾರೆ, ಗುರುಗಳು ಏನಂತಾರೆ, ಗೆಳೆಯರು ಏನಂತಾರೆ ಎಲ್ಲ ಬರೆದಿತ್ತು. ನನ್ನ ಅವ್ವನನ್ನು ಅವರು ನೋಡೇ ಇಲ್ಲ. ಆದ್ರೂ ನಾನು ಬಾಯಿಪಾಠ ಮಾಡಿದೆ. ಎಸ್‌ಎಸ್‌ಬಿಯಲ್ಲಿ ತುಂಬುವ ಫಾರಂನಲ್ಲಿ ಹವ್ಯಾಸಕ್ಕೆ "ಫೋಟೋಗ್ರಫಿ ಬರೀರಿ, ಚೆನ್ನಾಗಿ ಕಾಣ್ತದೆ" ಅಂದರು. ಅಪ್ಪನ ಉದ್ಯೋಗಕ್ಕೆ "ವ್ಯಾಪಾರ ಅಂತ ಹಾಕ್ರಿ, ತೊಗರಿ ಮಾರ್ತಾರಲ್ವಾ" ಅಂದರು. ಅದಕ್ಕೂ ಹೂಂ ಅಂದೆ.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಮೊದಲ ದಿನದ ಸ್ಕ್ರೀನಿಂಗ್ ದಾಟಿತು. ಚಿತ್ರ ನೋಡಿ ಕಥೆ ಬರೆಯುವುದು, ಆಮೇಲೆ ಗುಂಪಿನಲ್ಲಿ ಚರ್ಚೆ ಮಾಡುವುದು ನನಗೆ ಕಷ್ಟವಾಗಲಿಲ್ಲ. ಅದಾದ ಮೇಲೆ ಪಿಐಕ್ಯೂ ಅನ್ನುವ ಫಾರಂ ತುಂಬಿಸುತ್ತಾರೆ. ನೀವು ಜಾಸ್ತಿ ದಿನ ಇದ್ದ ಊರು, ಅದರ ಜನಸಂಖ್ಯೆ, ಅಪ್ಪ ಅವ್ವನ ಓದು, ಉದ್ಯೋಗ, ಆದಾಯ, ನಿಮ್ಮ ಅಂಕಗಳು, ಆಟ, ಹವ್ಯಾಸ, ಹೊತ್ತ ಜವಾಬ್ದಾರಿ ಎಲ್ಲ ಅದರಲ್ಲಿ ಬರೆಯಬೇಕು. ಸಂದರ್ಶನ ಮಾಡುವ ಅಧಿಕಾರಿಯ ಕೈಯಲ್ಲಿ ಇರುವುದು ಇದೇ ಫಾರಂ. ಪ್ರಶ್ನೆಗಳು ಹುಟ್ಟುವುದೂ ಇದರಿಂದಲೇ. ಕೋಚಿಂಗಿನಲ್ಲಿ ಹೇಳಿದಂತೆ ನಾನು ಅದನ್ನು ತುಂಬಿದೆ.

ಮರುದಿನ ಮನೋವಿಜ್ಞಾನದ ಪರೀಕ್ಷೆಗಳು. ಕೊನೆಗೆ ನಮ್ಮ ಬಗ್ಗೆ ನಾವೇ ಬರೆಯಲು 15 ನಿಮಿಷ ಕೊಡುತ್ತಾರೆ. ಜೆರಾಕ್ಸಿನಲ್ಲಿದ್ದದ್ದನ್ನು ಬರೆದು ಬಂದೆ. ರಾತ್ರಿ ಮಲಗುವ ಹೊತ್ತಿಗೆ ಪಕ್ಕದ ಮಂಚದ ಹುಡುಗ ತಾನು ಬರೆದದ್ದನ್ನು ಹೇಳಿದ. "ಯಾವ ಸಮಸ್ಯೆ ಬಂದರೂ ಗೆಳೆಯರು ಮೊದಲು ನನ್ನ ಹತ್ತಿರ ಬರುತ್ತಾರೆ." ಅದು ನನ್ನ ವಾಕ್ಯ. ಅವನು ಓದಿದ್ದು ಬೇರೆ ರಾಜ್ಯದ ಬೇರೆ ಕೋಚಿಂಗಿನಲ್ಲಿ. ಒಂದು ಅಕ್ಷರ ವ್ಯತ್ಯಾಸ ಇರಲಿಲ್ಲ. ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಮೈದಾನ. ಗುಂಪು ಪರೀಕ್ಷೆಗಳನ್ನು ಜಿಟಿಓ ಅನ್ನುವ ಅಧಿಕಾರಿ ನೋಡುತ್ತಾರೆ. ಪಿಜಿಟಿ ಅನ್ನುವ ಗುಂಪು ಪರೀಕ್ಷೆಯಲ್ಲಿ ನಾಲ್ಕು ಅಡೆತಡೆ ಇರುತ್ತವೆ. ಹಲಗೆ, ಬಲ್ಲಿ ಅನ್ನುವ ಮರದ ಕಂಬ, ಹಗ್ಗ ಇಷ್ಟರಲ್ಲೇ ಇಡೀ ಗುಂಪು ಒಂದು ಹೊರೆಯನ್ನೂ ಹೊತ್ತುಕೊಂಡು ನೆಲ ಮುಟ್ಟದೆ ದಾಟಬೇಕು. ಕೆಂಪು ಬಣ್ಣದ ಜಾಗವನ್ನು ಯಾರೂ ಮುಟ್ಟುವ ಹಾಗಿಲ್ಲ. ನಾಲ್ಕು ಅಡಿಗಿಂತ ಜಾಸ್ತಿ ಅಂತರ ಇದ್ದರೆ ಜಿಗಿಯುವ ಹಾಗಿಲ್ಲ. ಹಲಗೆಗೆ ಬಲ್ಲಿ ಕಟ್ಟಿ ಉದ್ದ ಮಾಡುವ ಹಾಗೂ ಇಲ್ಲ. ಕೋಚಿಂಗಿನಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದರು. ಒಂದು ದಿನವೂ ಹಲಗೆ ಮುಟ್ಟಿಸಲಿಲ್ಲ. "ಮೊದಲು ಮುಂದೆ ಹೋದವನೇ ಲೀಡರ್, ದನಿ ಎತ್ತಿ ಮಾತಾಡ್ರಿ" ಅನ್ನುವುದೇ ಪಾಠ.

ಎರಡನೆಯ ಅಡೆತಡೆಯಲ್ಲಿ ಹಲಗೆ ಆಚೆ ಕಡೆಗೆ ಮುಟ್ಟುತ್ತಿರಲಿಲ್ಲ. ಹಲಗೆಯನ್ನು ಅಂಚಿನಿಂದ ಹೊರಗೆ ಚಾಚಿ, ಹಿಂದಿನ ತುದಿಯ ಮೇಲೆ ಭಾರಕ್ಕೆ ಜನ ನಿಲ್ಲಿಸಿ, ಒಬ್ಬ ಮುಂದಿನ ತುದಿಗೆ ಹೋಗಿ ಅಲ್ಲಿಂದ ಬಲ್ಲಿ ಹಾಕಬೇಕು. ಉಪಾಯ ನನಗೆ ಗೊತ್ತಿತ್ತು. ಕೂಗಿ ಹೇಳಿ ನಾನೇ ಹಲಗೆ ಹತ್ತಿದೆ. ಚೆಸ್ಟ್ ನಂಬರ್ 7ರ ಹುಡುಗ ಮೆಲ್ಲಗೆ, "ಹಿಂದೆ ಇಬ್ಬರು ಬೇಕು" ಅಂದ. ಕಿವಿಗೆ ಬಿತ್ತು, ನಾನು ತಿರುಗಲಿಲ್ಲ. ತುದಿಗೆ ಹೋಗಿ "ಬಲ್ಲಿ ಕೊಡು" ಅಂದೆ. ಕೊಡಲು ಬಗ್ಗಿದವನೇ ನನ್ನ ಭಾರ ಹಿಡಿದು ನಿಂತಿದ್ದವನು. ಅವನ ಒಂದು ಕಾಲು ಹಲಗೆಯಿಂದ ಆಚೆ ಬಂತು, ಹಲಗೆ ಏಳುತ್ತಾ ಬಂತು, ನನ್ನ ಎರಡೂ ಕಾಲು ಕೆಂಪಿನ ಮೇಲೆ. ಜಿಟಿಓ ಏನೂ ಬೈಯಲಿಲ್ಲ. ವಾಪಸ್ ಹೋಗಿ ಶುರು ಮಾಡಿ ಅಂದರು. ಆಮೇಲೆ 7ರವನು ಹೇಳಿದಂತೆ ಮಾಡಿದೆವು, ದಾಟಿದೆವು.

ಲೆಕ್ಕ ಸುಲಭ. ನಾನು 60 ಕಿಲೋ, ಅಂಚಿನಿಂದ ಮೂರು ಅಡಿ ಮುಂದೆ ನಿಂತಿದ್ದೆ. ಹಿಂದಿನವನು ಅಂಚಿನಿಂದ ಎರಡೇ ಅಡಿ ದೂರ ಇದ್ದ. ಹಲಗೆಯ ತೂಕ ಬಿಟ್ಟು ನೋಡಿದರೆ ಅಲ್ಲಿ 90 ಕಿಲೋ ಬೇಕು. ಅಂದರೆ ಇಬ್ಬರು. ಇದನ್ನು ಬೋರ್ಡಿನ ಮೇಲೆ ಕಲಿಯಲು ಆಗುವುದಿಲ್ಲ. ಹೊಲದ ಬದುವಿನ ಮೇಲೆ ಒಂದು ಗಟ್ಟಿ ಹಲಗೆ ಇಟ್ಟು ನಾಲ್ಕು ಮಂದಿ ಗೆಳೆಯರು ಹತ್ತಿ ನೋಡಿ. ಎಲ್ಲಿ ಏಳುತ್ತದೆ ಅಂತ ಕಾಲಿಗೇ ತಿಳಿಯುತ್ತದೆ. ಖರ್ಚು ಏನೂ ಇಲ್ಲ. ನನ್ನ ತಪ್ಪು ಬರೀ ಲೆಕ್ಕದ್ದೂ ಅಲ್ಲ. ಮುಂದೆ ಹೋಗುವ ಗಡಿಬಿಡಿಯಲ್ಲಿ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಲಿಲ್ಲ. "ಗೆಳೆಯರು ನನ್ನ ಹತ್ತಿರ ಬರುತ್ತಾರೆ" ಅಂತ ಹಿಂದಿನ ದಿನವಷ್ಟೇ ಬರೆದಿದ್ದವನು ಗುಂಪಿನ ಒಬ್ಬ ಹುಡುಗನ ಮಾತಿಗೂ ತಿರುಗಲಿಲ್ಲ.

ಸಂದರ್ಶನದಲ್ಲಿ ಅಧಿಕಾರಿ ತುಂಬಾ ಸೌಜನ್ಯದಿಂದ ಮಾತಾಡಿದರು. ಮೊದಲು ಒಂದೇ ಉಸಿರಿಗೆ ಏಳೆಂಟು ಪ್ರಶ್ನೆ ಕೇಳಿದರು: ಹತ್ತನೆಯ ತರಗತಿಯಿಂದ ಅಂಕಗಳು, ಹಿಡಿಸಿದ ಗುರುಗಳು, ಹತ್ತಿರದ ಗೆಳೆಯರು, ಬಿಡುವಿನಲ್ಲಿ ಏನು ಮಾಡ್ತೀರಿ. ಅದನ್ನು ನಿಭಾಯಿಸಿದೆ. ಆಮೇಲೆ ಫೋಟೋಗ್ರಫಿ. ಅಪರ್ಚರ್ ನಂಬರ್ ಜಾಸ್ತಿ ಮಾಡಿದರೆ ಬೆಳಕು ಜಾಸ್ತಿ ಬರುತ್ತದೋ ಕಡಿಮೆಯೋ ಅಂದರು. ಜಾಸ್ತಿ ಅಂದೆ. ಕಡಿಮೆ ಬರುತ್ತದೆ. ಅವರು ತಿದ್ದಲಿಲ್ಲ, ಬರೆದುಕೊಂಡರು. ಅಪ್ಪನ ವ್ಯಾಪಾರ ಯಾವುದು, ಯಾರಿಂದ ಕೊಳ್ಳುತ್ತಾರೆ, ವರ್ಷದ ವಹಿವಾಟು ಎಷ್ಟು ಅಂದರು. ನನ್ನ ಬಾಯಿ ಒಣಗಿತು. ಮೂರನೆಯ ಪ್ರಶ್ನೆಗೆ, ಅವರು ರೈತರು ಸರ್, ಅಂದೆ. ಹಾಗಾದರೆ ಹೀಗೇಕೆ ಬರೆದಿರಿ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜ ಬರೆದಿದ್ದರೆ ಮಾತಾಡಲು ಎಷ್ಟೊಂದು ಇತ್ತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂದದ್ದು ಗೊತ್ತಿತ್ತು. ನೆಟೆ ರೋಗ ಬಂದು ಅರ್ಧ ಹೊಲ ಒಣಗಿದ ವರ್ಷ, ಅಪ್ಪನಿಗೆ ಹುಷಾರಿಲ್ಲದಾಗ, ರಾಶಿ ಮಾಡಿಸಿದ್ದು ನಾನು. ಮಷಿನ್‌ನವನ ಜೊತೆ ರೇಟು ಮಾತಾಡಿ, ಮಳೆ ಮೋಡ ನೋಡಿ ಆಳುಗಳಿಗೆ ಹೇಳಿ, ರಾತ್ರಿಯೇ ಚೀಲ ತುಂಬಿಸಿದ್ದೆ. ಹೊತ್ತ ಜವಾಬ್ದಾರಿ ಅನ್ನುವ ಜಾಗದಲ್ಲಿ ಇದನ್ನು ಬಿಟ್ಟು, ಇರದ ಕಾಲೇಜು ಸಂಘವೊಂದರ ಕಾರ್ಯದರ್ಶಿ ಅಂತ ಬರೆದಿದ್ದೆ.

ಬರೆದದ್ದನ್ನು ಮನೋವಿಜ್ಞಾನಿ, ಆಡಿದ್ದನ್ನು ಸಂದರ್ಶನದವರು, ಮಾಡಿದ್ದನ್ನು ಜಿಟಿಓ ಬೇರೆ ಬೇರೆಯಾಗಿ ನೋಡುತ್ತಾರೆ. ಕೊನೆಯ ದಿನದ ಕಾನ್ಫರೆನ್ಸಿನಲ್ಲಿ ಮೂರನ್ನೂ ಒಟ್ಟಿಗೆ ಇಡುತ್ತಾರೆ. ನನ್ನ ಮೂರೂ ಮೂರು ದಿಕ್ಕಿಗಿದ್ದವು. ಆಯ್ಕೆಯಾದವರ ಪೈಕಿ ನನ್ನ ಚೆಸ್ಟ್ ನಂಬರ್ ಕರೆಯಲಿಲ್ಲ. 7 ಕರೆದರು.

ದುಡ್ಡು ಕಟ್ಟುವ ಮುಂಚೆ ಎರಡು ಕೇಳಿ. ನಮ್ಮ ಬಗ್ಗೆ ಬರೆಯುವುದಕ್ಕೆ ನೋಟ್ಸ್ ಕೊಡ್ತೀರಾ? ಕೊಡ್ತೀವಿ ಅಂದರೆ ಎದ್ದು ಬನ್ನಿ. ಹಲಗೆ, ಬಲ್ಲಿ, ಹಗ್ಗ ಇಟ್ಟ ಮೈದಾನ ತೋರಿಸ್ತೀರಾ? ತೋರಿಸದಿದ್ದರೂ ಎದ್ದು ಬನ್ನಿ. ಸೆಲೆಕ್ಷನ್ ಗ್ಯಾರಂಟಿ ಅನ್ನುವವರ ಹತ್ತಿರ ಹೋಗಲೇಬೇಡಿ, ಅದು ಆಯ್ಕೆ ಬೋರ್ಡಿನ ಹೊರಗಿನ ಯಾರ ಕೈಯಲ್ಲೂ ಇಲ್ಲ.

ವಯಸ್ಸು ಇರುವವರೆಗೆ ಮತ್ತೆ ಹೋಗಬಹುದು, ನಾನೂ ಹೋಗುತ್ತಿದ್ದೇನೆ. ಈ ಸಲ ಖಾಲಿ ಫಾರಂ ಮನೆಯಲ್ಲೇ ತುಂಬಿ, ಪ್ರತಿ ಸಾಲಿಗೂ ಐದೈದು ಪ್ರಶ್ನೆ ಕೇಳು ಅಂತ ಅಕ್ಕನ ಕೈಗೆ ಕೊಟ್ಟೆ. ಅಪ್ಪ ಪಕ್ಕದಲ್ಲಿ ಕೂತಿದ್ದ. "ಹೋದ ಸಲ ನನ್ನ ಒಕ್ಕಲುತನ ಬರೀಲಿಲ್ಲೇನು?" ಅಂದ. ಇಲ್ಲಪ್ಪಾ ಅಂದೆ. ಆಮೇಲೆ ಎಷ್ಟು ಎಕರೆ, ಎಷ್ಟು ಚೀಲ ಬಂತು, ಗಂಜಿನಲ್ಲಿ ಏನು ರೇಟು ಸಿಕ್ಕಿತು ಅಂತ ಒಂದೊಂದಾಗಿ ಅವನೇ ಹೇಳಿ ಬರೆಸಿದ.