ಥೀಸಿಸ್ ಬರೆಯುವಾಗ ಯಾವ ರಿಮೈಂಡರ್ ಕೆಲಸಕ್ಕೆ ಬರುತ್ತದೆ: ಅಲಾರಂ, ಸ್ಟ್ರೀಕ್ ಆಪ್, ಶೀಟ್, ಕ್ಯಾಲೆಂಡರ್

ಥೀಸಿಸ್ ಬರೆಯುವವರಿಗೆ ಎರಡು ವಿಷಯ ನೆನಪಿಸುವವರು ಬೇಕು. ಒಂದು, ದಿನದ ಪದಗಳು. ಇನ್ನೊಂದು, ವಾರಕ್ಕೊಮ್ಮೆ ಗೈಡ್ ಜೊತೆ ಇರುವ ಮೀಟಿಂಗ್‌ಗೆ ತಯಾರಿ. ನಾನು ನಾಲ್ಕನ್ನೂ ಬಳಸಿ ನೋಡಿದ್ದೇನೆ. ಎರಡೂ ಕೆಲಸಕ್ಕೆ ಒಂದೇ ಸಾಧನ ಸಾಕು ಅನ್ನುವವರ ಮಾತು ನನಗಂತೂ ಒಪ್ಪಿಗೆಯಿಲ್ಲ.

ಮೊದಲು ಪದಗಳ ಲೆಕ್ಕ. ಫೋನಿನ ಅಲಾರಂ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ರಾತ್ರಿ ಒಂಬತ್ತಕ್ಕೆ 'ಬರೆದೆಯಾ?' ಅಂತ ಬಡಿದುಕೊಂಡರೆ ಆಗ ಮಾಡುವುದೇನು? ಅಷ್ಟು ಹೊತ್ತಿಗೆ ತಲೆ ಖಾಲಿಯಾಗಿರುತ್ತದೆ. ಓದದೇ ಬೆರಳಲ್ಲಿ ಸರಿಸಿಬಿಡುವುದು ಶುರುವಾದರೆ ಆ ಅಲಾರಂ ಸತ್ತ ಹಾಗೆ. ಬೆಳಿಗ್ಗೆ, ಫೈಲ್ ತೆರೆಯುವ ಹೊತ್ತಿಗೆ ಇಟ್ಟರೆ ಮಾತ್ರ ಉಪಯೋಗ.

ಬಿಡದೆ ಎಷ್ಟು ದಿನ ಬರೆದಿರಿ ಅಂತ ಸ್ಟ್ರೀಕ್ ತೋರಿಸುವ ಆಪ್‌ಗಳು ನೋಡಲು ಚೆನ್ನ, ಮೊದಮೊದಲು ಹುಮ್ಮಸ್ಸೂ ಬರುತ್ತದೆ. ಆದರೆ ಅವುಗಳಿಗೆ ಗೊತ್ತಿರುವುದು ಟಿಕ್ ಮಾತ್ರ. ಸರಪಳಿ ಮುರಿಯಬಾರದು ಅಂತ ಆಮೇಲೆ ಹೇಗಾದರೂ ಕತ್ತರಿಸಿ ಬಿಸಾಡಬೇಕಾದ ಪ್ಯಾರಾವನ್ನೇ ಸುಮ್ನೆ ಉದ್ದ ಮಾಡುತ್ತಾ ಕೂರುವ ಪರಿಸ್ಥಿತಿ ಬರುತ್ತದೆ. ಥೀಸಿಸ್‌ನಲ್ಲಿ ಅರ್ಧ ಕೆಲಸ ಕತ್ತರಿಸುವುದೇ ಅಲ್ವಾ? ಅದನ್ನು ಈ ಆಪ್‌ಗಳು ಕೆಲಸ ಅಂತ ಒಪ್ಪುವುದೇ ಇಲ್ಲ.

ಹಾಗಾಗಿ ಪದಗಳಿಗೆ ನನ್ನ ಓಟು ಸಾದಾ ಸ್ಪ್ರೆಡ್‌ಶೀಟ್‌ಗೆ. ಮೊದಲ ಕಾಲಂನಲ್ಲಿ ತಾರೀಖು, ಎರಡನೆಯದರಲ್ಲಿ ದಿನದ ಕೊನೆಗೆ ಅಧ್ಯಾಯದ ಒಟ್ಟು ಪದಗಳು, ಮೂರನೆಯದರಲ್ಲಿ ಅಂದು ಕತ್ತರಿಸಿದ ಪದಗಳು. ಕತ್ತರಿಸಿದ್ದನ್ನು ಅಳಿಸದೆ ಬೇರೆ ಫೈಲ್‌ಗೆ ಹಾಕಿ ಅಲ್ಲಿ ಎಣಿಸಿದರೆ ಈ ಸಂಖ್ಯೆ ಸಿಗುತ್ತದೆ. ನಾಲ್ಕನೆಯದರಲ್ಲಿ ಈ ಸೂತ್ರ:

```
=B3-B2+C3
```

ಸೋಮವಾರ ಒಟ್ಟು 18,420 ಇತ್ತು ಅಂದುಕೊಳ್ಳಿ. ಮಂಗಳವಾರ 18,150ಕ್ಕೆ ಇಳಿಯಿತು. ಬರೀ ಒಟ್ಟು ನೋಡಿದರೆ 270 ಪದ ನಷ್ಟ. ಆದರೆ ಅಂದು 650 ಪದ ಕತ್ತರಿಸಿದ್ದರೆ, ಹೊಸದಾಗಿ ಬರೆದದ್ದು 380. ದಿನಕ್ಕೆ 400ರ ಗುರಿ ಇದ್ದವರಿಗೆ ಅದು ಒಳ್ಳೆಯ ದಿನವೇ.

ಎಣಿಕೆಯಲ್ಲೊಂದು ತೊಡಕಿದೆ. ಗ್ರಂಥಸೂಚಿ ಅದೇ ಫೈಲ್‌ನಲ್ಲಿದ್ದರೆ ಒಂದಷ್ಟು ಉಲ್ಲೇಖ ಸೇರಿಸಿದ ದಿನ ಒಂದು ವಾಕ್ಯ ಬರೆಯದೆಯೂ ಸಂಖ್ಯೆ ಏರಿಬಿಡುತ್ತದೆ. ವರ್ಡ್‌ನಲ್ಲಿ ಅಡಿಟಿಪ್ಪಣಿಗಳನ್ನು ಎಣಿಸಬೇಕೋ ಬೇಡವೋ ಅನ್ನುವುದಕ್ಕೂ ಎಣಿಕೆಯ ಕಿಟಕಿಯಲ್ಲೇ ಒಂದು ಟಿಕ್ ಇದೆ. ಯಾವುದಾದರೂ ಒಂದನ್ನು ಆರಿಸಿ ಹಾಗೇ ಬಿಡಿ, ಮಧ್ಯೆ ಬದಲಿಸಬೇಡಿ. ಶೀಟ್‌ನ ದೌರ್ಬಲ್ಯ ಏನೆಂದರೆ ಅದು ತಾನಾಗಿ ಕರೆಯುವುದಿಲ್ಲ. ಅದಕ್ಕೆ ಬೆಳಗಿನ ಅಲಾರಂ ಜೊತೆಗಿಟ್ಟುಕೊಳ್ಳಬೇಕು.

ಇನ್ನು ಗೈಡ್ ಮೀಟಿಂಗ್. ಇಲ್ಲಿ ಕ್ಯಾಲೆಂಡರ್ ಎದುರು ಅಲಾರಂ ನಿಲ್ಲುವುದೇ ಇಲ್ಲ. ಕಾರಣ ಒಂದೇ: ಗೈಡ್ ಮೀಟಿಂಗ್‌ನ ದಿನ, ಹೊತ್ತು ಬದಲಾಗುತ್ತಲೇ ಇರುತ್ತದೆ. ಪ್ರತಿ ಮಂಗಳವಾರ ಸಂಜೆಗೆ ಅಲಾರಂ ಇಟ್ಟಿದ್ದೀರಿ, ಈ ವಾರ ಮೀಟಿಂಗ್ ಗುರುವಾರದಿಂದ ಮಂಗಳವಾರ ಬೆಳಿಗ್ಗೆಗೆ ಬಂತು. ಅಲಾರಂ ಬಡಿಯುವಾಗ ಮೀಟಿಂಗೇ ಮುಗಿದಿರುತ್ತದೆ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್‌ಗೇ ನೋಟಿಫಿಕೇಷನ್ ಅಂಟಿಸಿದ್ದರೆ, ಆ ವಾರದ ಮೀಟಿಂಗನ್ನಷ್ಟೇ ಸರಿಸಿದಾಗ ಅದೂ ಜೊತೆಗೆ ಸರಿಯುತ್ತದೆ.

ಗೂಗಲ್ ಕ್ಯಾಲೆಂಡರ್‌ನಲ್ಲಿ 'ಎರಡು ದಿನ ಮೊದಲು' ಅಂತ ಇಟ್ಟರೆ ಗುರುವಾರ ಬೆಳಿಗ್ಗೆ 11ರ ಮೀಟಿಂಗ್‌ಗೆ ಮಂಗಳವಾರ ಬೆಳಿಗ್ಗೆ 11ಕ್ಕೇ ಬರುತ್ತದೆ, ಅಂದರೆ ಸರಿಯಾಗಿ ಬರೆಯುವ ಹೊತ್ತಲ್ಲಿ. ನಾನು ಅದನ್ನು ಗಂಟೆಗಳಲ್ಲಿ ಹಾಕುತ್ತೇನೆ: 41 ಗಂಟೆ ಮೊದಲು. ಆಗ ಮಂಗಳವಾರ ಸಂಜೆ 6ಕ್ಕೆ ಬರುತ್ತದೆ. ಆ ಸಂಜೆ ಒಂದು ಪುಟದ ಟಿಪ್ಪಣಿ ಬರೆಯುವುದು: ಕಳೆದ ಸಲ ಹೇಳಿದ್ದರಲ್ಲಿ ಏನಾಯಿತು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಗೈಡ್ ಯಾವುದನ್ನು ತೀರ್ಮಾನಿಸಬೇಕು. ಈ ಮೂರನೆಯದು ಇಲ್ಲದೆ ಹೋದರೆ ಇಡೀ ಗಂಟೆ 'ಹೇಗೆ ನಡೀತಿದೆ' ಅನ್ನುವ ಮಾತಲ್ಲೇ ಕಳೆಯುತ್ತದೆ. 'ಮೂರನೇ ಅಧ್ಯಾಯ ಹೇಗಿದೆ?' ಅನ್ನುವುದು ಪ್ರಶ್ನೆಯೇ ಅಲ್ಲ. 'ಸಂದರ್ಶನಗಳ ವಿವರ ವಿಧಾನದ ಅಧ್ಯಾಯದಲ್ಲೇ ಇರಲಾ, ಅನುಬಂಧಕ್ಕೆ ಹಾಕಲಾ?' ಅಂತ ಕೇಳಿದರೆ ಉತ್ತರ ಸಿಗುತ್ತದೆ. ಟಿಪ್ಪಣಿ ಬುಧವಾರ ಬೆಳಿಗ್ಗೆ ಕಳಿಸಿದರೆ ಅವರಿಗೂ ಒಂದು ದಿನ ಸಿಗುತ್ತದೆ.

ಈ ಮೂರು ಸಾಲನ್ನು ಮೀಟಿಂಗ್‌ನ ವಿವರಣೆಯಲ್ಲೇ ಬರೆದಿಟ್ಟರೆ ನೋಟಿಫಿಕೇಷನ್ ಒತ್ತಿದ ಕೂಡಲೇ ಕಣ್ಣಿಗೆ ಬೀಳುತ್ತವೆ. ಒಂದು ಎಚ್ಚರ: ಗೈಡನ್ನೂ ಆ ಮೀಟಿಂಗ್‌ಗೆ ಸೇರಿಸಿದ್ದರೆ ವಿವರಣೆ ಅವರಿಗೂ ಕಾಣುತ್ತದೆ. ನೋಟಿಫಿಕೇಷನ್ ಮಾತ್ರ ನಿಮ್ಮದೇ. ಖಾಸಗಿ ಗೊಣಗಾಟ ಅಲ್ಲಿ ಬೇಡ.

ಕ್ಯಾಲೆಂಡರ್ ಸೋಲುವುದು ಒಂದೇ ಕಡೆ: 'ಬಿಡುವಾದಾಗ ಬಾ' ಅನ್ನುವ ಗೈಡ್ ಇದ್ದರೆ. ಮೀಟಿಂಗ್‌ಗೆ ಹೊತ್ತೇ ಇಲ್ಲದಿದ್ದಾಗ ನೋಟಿಫಿಕೇಷನ್ ಯಾವುದಕ್ಕೆ ಅಂಟಿಸುವುದು? ಅಂಥವರು ವಾರದ ಒಂದು ಸಂಜೆಗೆ ಅಲಾರಂ ಇಟ್ಟು, ಕರೆ ಬರಲಿ ಬಿಡಲಿ, ಆ ಒಂದು ಪುಟ ಬರೆದು ಕಳಿಸುವುದೇ ವಾಸಿ.